ಸಹಾಯ ಬೇಕು: 65ರ ವರ್ಗಕ್ಕೆ ಸರಿ, 46ಕ್ಕೆ ಯಾಕೆ ತಪ್ಪು?

ಮಗಳಿಗೆ 5ರಲ್ಲಿ ಮುಗಿಯೋ ಎರಡಂಕಿ ಸಂಖ್ಯೆಯ ವರ್ಗ ಬಾಯಲ್ಲೇ ಮಾಡೋದು ಹೇಳಿಕೊಟ್ಟೆ. 65 ಅಂದ್ರೆ 6ನ್ನ ಅದರ ಮುಂದಿನ 7ರಿಂದ ಗುಣಿಸಿದ್ರೆ 42, ಪಕ್ಕಕ್ಕೆ 25, ಉತ್ತರ 4225. ಯಾಕೆ ಅಂತ ಬರೆದೂ ನೋಡಿದೆ:

(10a + 5)² = 100a² + 100a + 25 = 100a(a + 1) + 25

ಇಲ್ಲೀವರೆಗೂ ಅರ್ಥ ಆಯ್ತು. ಆದ್ರೆ ತರಲೆ ಹುಡುಗಿ ಇದನ್ನೇ 46ಕ್ಕೂ ಹಾಕಿದಾಳೆ: 4×5=20, 6×6=36, ಅಂದ್ರೆ 2036. ಗುಣಿಸಿ ನೋಡಿದ್ರೆ 2116, 80 ಕಡಿಮೆ! 36ಕ್ಕೆ ಹಾಗೇ ಮಾಡಿದ್ರೆ 1236 ಬರುತ್ತೆ, ನಿಜವಾದದ್ದು 1296, ಅಲ್ಲಿ 60 ಕಡಿಮೆ. ಹತ್ತರ ಸ್ಥಾನದ ಅಂಕಿಯ 20 ಪಟ್ಟು ಕಮ್ಮಿ ಬೀಳ್ತಿದೆ ಅನ್ಸುತ್ತೆ.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ: 6ರಲ್ಲಿ ಮುಗಿಯೋ ಎಲ್ಲಾ ಸಂಖ್ಯೆಗೂ ಈ 20a ಸೇರಿಸಿದ್ರೆ ಸಾಕಾ? ಮೇಲಿನ ಸೂತ್ರದಲ್ಲಿ ಅದು ಎಲ್ಲಿಂದ ಹುಟ್ಟುತ್ತೆ, ಯಾರಾದ್ರೂ ಬಿಡಿಸಿ ತೋರಿಸ್ತೀರಾ?