‘ಬಿಟ್ವೀನ್ ಯು ಅಂಡ್ ಐ’ ಸರಿಯೋ, ‘ಬಿಟ್ವೀನ್ ಯು ಅಂಡ್ ಮಿ’ ಸರಿಯೋ?

ಕೇಳಿದವರು (ಬೆಂಗಳೂರು, ಐಟಿ ಕೆಲಸ): ಆಫೀಸಿನ ಮೇಲ್‌ನಲ್ಲಿ ‘ಬಿಟ್ವೀನ್ ಯು ಅಂಡ್ ಮಿ’ ಅಂತ ಬರೆದಿದ್ದೆ. ಟೀಮ್ ಲೀಡ್ ಅದನ್ನು ‘ಯು ಅಂಡ್ ಐ’ ಅಂತ ತಿದ್ದಿ ಕಳಿಸಿದರು. ಸ್ಕೂಲಲ್ಲೂ ‘ಯು ಅಂಡ್ ಐ’ ಅಂತಲೇ ಕಲಿಸಿದ ನೆನಪು. ಯಾವುದು ಸರಿ? ಪ್ರತಿ ಸಲ ಕಂಡುಹಿಡಿಯೋದು ಹೇಗೆ? ನಿಮಗೂ ಹೀಗೆ ಆಗಿದ್ದರೆ ಹೇಳಿ.

ಹೈಸ್ಕೂಲ್ ಇಂಗ್ಲಿಷ್ ಟೀಚರ್, ಶಿವಮೊಗ್ಗ: ನೀವು ಬರೆದದ್ದೇ ಸರಿ ಮೇಡಂ. ‘ಬಿಟ್ವೀನ್’ ಆದ ಮೇಲೆ ‘ಮಿ’ ಬರಬೇಕು. ‘ಟು’, ‘ಫಾರ್’, ‘ವಿತ್’, ‘ಫ್ರಮ್’ ಆದ ಮೇಲೂ ಅಷ್ಟೇ. ಕ್ರಿಯೆ ಯಾರ ಮೇಲೆ ನಡೆಯುತ್ತದೋ ಅಲ್ಲೂ ‘ಮಿ’ಯೇ.

ನಾನು ಮಕ್ಕಳಿಗೆ ಹೇಳಿಕೊಡುವ ದಾರಿ ಒಂದೇ. ಜೊತೆಗಿರುವವರನ್ನು ಕೈಬಿಟ್ಟು ವಾಕ್ಯ ಓದಿ. ‘ಸೆಂಡ್ ದ ಫೈಲ್ ಟು ರವಿ ಅಂಡ್ ಐ’ ಅಂತ ಬರೆದಿದ್ದೀರಿ ಅಂದುಕೊಳ್ಳಿ. ರವಿಯನ್ನು ತೆಗೆಯಿರಿ. ‘ಸೆಂಡ್ ದ ಫೈಲ್ ಟು ಐ’ ಅಂತ ಯಾರಾದರೂ ಹೇಳ್ತಾರಾ? ಕಿವಿಗೆ ತಕ್ಷಣ ಚುಚ್ಚುತ್ತದೆ. ಹಾಗಾಗಿ ‘ಟು ರವಿ ಅಂಡ್ ಮಿ’. ಅದೇ ‘ರವಿ ಅಂಡ್ ಐ ವೆಂಟ್’ ಅನ್ನುವಲ್ಲಿ ರವಿಯನ್ನು ತೆಗೆದರೆ ‘ಐ ವೆಂಟ್’ ಉಳಿಯುತ್ತದೆ. ಅಲ್ಲಿ ‘ಐ’ ಸರಿ.

ಕಾಲೇಜು ವಿದ್ಯಾರ್ಥಿ, ಹಾಸನ: ಟೀಚರ್, ಈ ದಾರಿ ‘ಬಿಟ್ವೀನ್’ಗೆ ನಡೆಯೋದಿಲ್ಲ ಅಲ್ವಾ? ‘ಯು’ ತೆಗೆದರೆ ‘ಬಿಟ್ವೀನ್ ಮಿ’ ಉಳಿಯುತ್ತದೆ. ಅದೂ ವಿಚಿತ್ರವಾಗಿ ಕೇಳುತ್ತದೆ. ನಡುವೆ ಅನ್ನೋಕೆ ಇಬ್ಬರು ಬೇಕೇ ಬೇಕು. ಎರಡೂ ವಿಚಿತ್ರ ಆದರೆ ಯಾವುದನ್ನು ಆರಿಸೋದು?

ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದುವವರು, ಮೈಸೂರು: ಹಾಸನದ ತಮ್ಮ ಹೇಳಿದ್ದು ನಿಜ. ಎಷ್ಟೋ ಜನ ಎಡವುವುದು ಇಲ್ಲೇ. ‘ಟು ರವಿ ಅಂಡ್ ಮಿ’ ಅಂತ ಸರಿಯಾಗಿ ಬರೆಯುವವರೂ ‘ಬಿಟ್ವೀನ್’ ಬಂದಾಗ ಅನುಮಾನ ಪಡುತ್ತಾರೆ.

ಇದಕ್ಕೆ ಬೇರೆ ಪರೀಕ್ಷೆ ಬೇಕು. ಇಬ್ಬರನ್ನೂ ಒಟ್ಟಿಗೆ ತೆಗೆದು ಒಂದೇ ಪದ ಹಾಕಿ ನೋಡಿ. ‘ಬಿಟ್ವೀನ್ ಅಸ್’ ಅಂತ ಬರುತ್ತದೋ, ‘ಬಿಟ್ವೀನ್ ವಿ’ ಅಂತ ಬರುತ್ತದೋ? ‘ವಿ’ ಅಂತ ಯಾರೂ ಹೇಳುವುದಿಲ್ಲ. ‘ಅಸ್’ ಕೂತ ಜಾಗದಲ್ಲಿ ‘ಮಿ’. ‘ವಿ’ ಕೂತ ಜಾಗದಲ್ಲಿ ‘ಐ’. ಈ ಪರೀಕ್ಷೆ ಎಲ್ಲ ಕಡೆಯೂ ನಡೆಯುತ್ತದೆ, ‘ಬಿಟ್ವೀನ್’ಗೆ ಮಾತ್ರ ಅಲ್ಲ.

ತಪ್ಪು ಹುಟ್ಟುವ ಜಾಗವನ್ನೂ ಹೇಳುತ್ತೇನೆ. ಕನ್ನಡದಲ್ಲಿ ‘ನೀನು’ ಅನ್ನೋದು ‘ನಿನ್ನ’ ಆಗುತ್ತದೆ, ‘ನಿನಗೆ’ ಆಗುತ್ತದೆ. ರೂಪ ಬದಲಾದ ಕೂಡಲೇ ಮುಂದೆ ಬರುವುದು ‘ನನ್ನ’ ಅಂತ ಕಿವಿಗೇ ಗೊತ್ತಾಗುತ್ತದೆ. ‘ನಿನ್ನ ನಾನು ನಡುವೆ’ ಅಂತ ಮಗು ಕೂಡ ಹೇಳುವುದಿಲ್ಲ. ಇಂಗ್ಲಿಷಿನ ‘ಯು’ ಹಾಗಲ್ಲ. ಎಲ್ಲಿ ಹಾಕಿದರೂ ‘ಯು’ವೇ. ರವಿ, ಗೀತಾ ಅನ್ನುವ ಹೆಸರುಗಳೂ ಬದಲಾಗುವುದಿಲ್ಲ. ಮೊದಲ ಪದ ಯಾವ ಸುಳಿವನ್ನೂ ಕೊಡದೆ ದಾಟಿಬಿಡುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ‘ಬಿಟ್ವೀನ್’ ದೂರ ಆಗಿರುತ್ತದೆ. ಆಗ ನಾಲಿಗೆ ರೂಢಿಯಲ್ಲಿರುವ ‘ಅಂಡ್ ಐ’ಯನ್ನು ಹಿಡಿದುಕೊಳ್ಳುತ್ತದೆ.

ಆ ರೂಢಿ ಮಾಡಿಸಿದ್ದು ಸ್ಕೂಲು. ಮಕ್ಕಳು ‘ಮಿ ಅಂಡ್ ರವಿ ವೆಂಟ್’ ಅಂತಾರೆ. ‘ರವಿ ಅಂಡ್ ಐ ಅನ್ನು’ ಅಂತ ತಿದ್ದುತ್ತಾರೆ. ತಿದ್ದಿದ್ದು ಸರಿಯೇ, ಕಾರಣ ಮಾತ್ರ ಹೇಳುವುದಿಲ್ಲ. ಮಗುವಿನ ತಲೆಯಲ್ಲಿ ಉಳಿಯುವುದು ‘ಮಿ’ ಒರಟು, ‘ಐ’ ನಯ ಅನ್ನುವುದು. ದೊಡ್ಡವರಾದ ಮೇಲೆ ಜಾಗ್ರತೆಯಿಂದ ಬರೆಯಬೇಕು ಅಂದಾಗೆಲ್ಲ ‘ಐ’ ಹಾಕುತ್ತಾರೆ. ನಿಮ್ಮ ಟೀಮ್ ಲೀಡ್ ಮಾಡಿದ್ದೂ ಅದೇ ಇರಬೇಕು. ಅಜಾಗ್ರತೆಯಿಂದ ಆಗುವ ತಪ್ಪಲ್ಲ ಇದು, ಅತಿ ಜಾಗ್ರತೆಯಿಂದ ಆಗುವುದು.

ಬ್ಯಾಂಕಿನಿಂದ ನಿವೃತ್ತರು, ದಾವಣಗೆರೆ: ಇಷ್ಟೊಂದು ಚರ್ಚೆ ಯಾಕೆ? ಎದುರಿನವರಿಗೆ ಮರ್ಯಾದೆ ಕೊಟ್ಟು ‘ಯು’ ಮೊದಲು ಹೇಳಬೇಕು, ತನ್ನನ್ನು ಕೊನೆಗೆ ಹೇಳಿಕೊಳ್ಳಬೇಕು. ‘ಮಿ ಅಂಡ್ ಯು’ ಅನ್ನಬಾರದು. ನಮಗೆ ಹೇಳಿಕೊಟ್ಟದ್ದು ಇದು. ಈ ಮೇಡಂ ಅದನ್ನು ಪಾಲಿಸಿದ್ದಾರೆ. ಮತ್ತೆ ತಪ್ಪೇನು ಬಂತು?

ಹೈಸ್ಕೂಲ್ ಇಂಗ್ಲಿಷ್ ಟೀಚರ್, ಶಿವಮೊಗ್ಗ: ಸರ್, ನೀವು ಹೇಳಿದ್ದು ಯಾರ ಹೆಸರು ಮೊದಲು ಅನ್ನುವ ಮಾತು. ಅವರು ಕೇಳಿದ್ದು ಕೊನೆಗೆ ಬಂದವರ ರೂಪ ಯಾವುದು ಅಂತ. ಎರಡೂ ಬೇರೆ ಬೇರೆ. ‘ಯು ಅಂಡ್ ಮಿ’ಯಲ್ಲೂ ಎದುರಿನವರೇ ಮೊದಲು ಬಂದರಲ್ಲ? ಮರ್ಯಾದೆಗೆ ಏನೂ ಕುಂದಿಲ್ಲ. ‘ಬಿಟ್ವೀನ್ ಮಿ ಅಂಡ್ ಯು’ ಅಂದರೂ ವ್ಯಾಕರಣ ಕೆಡುವುದಿಲ್ಲ, ನಯ ಸ್ವಲ್ಪ ಕಡಿಮೆ ಅಷ್ಟೇ. ಕ್ಲಾಸಿನಲ್ಲಿ ಈ ಎರಡನ್ನೂ ಒಂದೇ ನಿಯಮ ಅಂತ ಸೇರಿಸಿ ಹೇಳುವುದರಿಂದಲೇ ಗೊಂದಲ ಜಾಸ್ತಿ.

ಕಸ್ಟಮರ್ ಸಪೋರ್ಟ್, ಹುಬ್ಬಳ್ಳಿ: ನಾನು ಈ ತಲೆನೋವೇ ಬೇಡ ಅಂತ ‘ಮೈಸೆಲ್ಫ್’ ಹಾಕ್ತೀನಿ. ‘ಪ್ಲೀಸ್ ಕಾಂಟ್ಯಾಕ್ಟ್ ಪ್ರಕಾಶ್ ಆರ್ ಮೈಸೆಲ್ಫ್.’ ನಮ್ಮಲ್ಲಿ ಎಲ್ಲರೂ ಹಾಗೇ ಬರೆಯೋದು. ಐನೂ ಇಲ್ಲ, ಮಿನೂ ಇಲ್ಲ. ಯಾರೂ ತಿದ್ದಿಲ್ಲ. ಶೇಕ್ಸ್‌ಪಿಯರ್ ಕೂಡ ‘ಬಿಟ್ವೀನ್ ಯು ಅಂಡ್ ಐ’ ಬರೆದಿದ್ದಾನೆ ಅಂತ ಕೇಳಿದ್ದೀನಿ. ಹಾಗಾದರೆ ಅದೂ ಸರಿನೇ ಅಲ್ವಾ?

ಕರಡು ತಿದ್ದುವವರು, ಮೈಸೂರು: ‘ಮೈಸೆಲ್ಫ್’ ತುಂಬಾ ಜನ ಬರೆಯುತ್ತಾರೆ, ನಿಜ. ಆದರೆ ಅದೇ ವಾಕ್ಯದಲ್ಲಿ ‘ಐ’ ಮೊದಲೇ ಬಂದಿರಬೇಕು. ‘ಐ ಹರ್ಟ್ ಮೈಸೆಲ್ಫ್’ ಸರಿ, ಮಾಡಿದವನೂ ಪೆಟ್ಟು ತಿಂದವನೂ ಒಬ್ಬನೇ. ‘ಕಾಂಟ್ಯಾಕ್ಟ್ ಮೈಸೆಲ್ಫ್’ ಅಂದರೆ ಯಾರು ಯಾರನ್ನು ಸಂಪರ್ಕಿಸಬೇಕು? ಮೇಲ್‌ನಲ್ಲಿ ಬಿಟ್ಟುಬಿಡುತ್ತಾರೆ, ಪುಸ್ತಕಕ್ಕೆ ಬಂದರೆ ನಾನು ‘ಮಿ’ ಅಂತ ತಿದ್ದುತ್ತೇನೆ.

ಶೇಕ್ಸ್‌ಪಿಯರ್ ವಿಷಯ ನಿಜ. ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಮೂರನೇ ಅಂಕದಲ್ಲಿ ಆಂಟೋನಿಯೋ ಬಸಾನಿಯೋಗೆ ಬರೆದ ಕಾಗದ ಓದುತ್ತಾರೆ. ಸಾಲವೆಲ್ಲ ತೀರಿತು ಅನ್ನುವಲ್ಲಿ ‘ಬಿಟ್ವೀನ್ ಯು ಅಂಡ್ ಐ’ ಅಂತಲೇ ಇದೆ. ಆಗ ಈ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. 400 ವರ್ಷ ಹಿಂದಿನ ಬಳಕೆ ತೋರಿಸಿ ಇವತ್ತಿನ ಮೇಲ್ ಸರಿ ಅನ್ನೋಕೆ ಆಗುವುದಿಲ್ಲ. ಆ ಕಾಲದ ಇನ್ನೆಷ್ಟೋ ಪ್ರಯೋಗಗಳನ್ನು ಇವತ್ತು ನಾವು ಬರೆಯುವುದಿಲ್ಲ.

ಭಾಷಾವಿಜ್ಞಾನ ಓದುತ್ತಿರುವವರು, ಹೈದರಾಬಾದ್: ಕರಡು ತಿದ್ದುವ ಸರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ‘ತಪ್ಪು’ ಅಂದು ಮುಗಿಸಿಬಿಡುವುದಕ್ಕೆ ನನಗೆ ಮನಸ್ಸಿಲ್ಲ.

ಒಂದು ಗಮನಿಸಿ. ‘ಬಿಟ್ವೀನ್ ಯು ಅಂಡ್ ಐ’ ಅನ್ನುವವರು ‘ಬಿಟ್ವೀನ್ ಐ ಅಂಡ್ ಯು’ ಅಂತ ಹೇಳುವುದೇ ಇಲ್ಲ. ‘ಐ’ ಬರುವುದು ‘ಅಂಡ್’ ಆದ ಮೇಲೆ, ಕೊನೆಯಲ್ಲಿ ಮಾತ್ರ. ಬಾಯಿಗೆ ಬಂದಂತೆ ಮಾಡುವ ತಪ್ಪಾಗಿದ್ದರೆ ಎರಡೂ ಕಡೆ ಕಾಣಬೇಕಿತ್ತು. ಅವರ ತಲೆಯಲ್ಲಿ ಬೇರೊಂದು ಕ್ರಮ ಕೆಲಸ ಮಾಡುತ್ತಿದೆ.

1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ‘ಗಿವ್ ಆಲ್ ಗೋರ್ ಅಂಡ್ ಐ ಎ ಚಾನ್ಸ್’ ಅಂದಾಗ ಅಮೆರಿಕದಲ್ಲಿ ಟೀಕೆ ಬಂತು. ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಅದನ್ನು ಸಮರ್ಥಿಸಿ ಬರೆದರು. ಅವರ ವಾದ ಇಷ್ಟು: ಗುಂಪಿಗೆ ಇರುವ ಗುಣ ಗುಂಪಿನ ಒಬ್ಬೊಬ್ಬರಿಗೂ ಇರಬೇಕಿಲ್ಲ. ರವಿ ಏಕವಚನ, ಗೀತಾ ಏಕವಚನ, ಇಬ್ಬರೂ ಸೇರಿದರೆ ಬಹುವಚನ. ವಚನ ಹೀಗೆ ಬೇರೆ ಆಗಬಹುದಾದರೆ, ವಿಭಕ್ತಿಯೂ ಇಡೀ ಗುಂಪಿಗೆ ಸೇರಿದ್ದು, ಒಳಗಿನ ಪದಕ್ಕೆ ಬರಲೇಬೇಕು ಅಂತೇನಿಲ್ಲ.

ಕನ್ನಡದಲ್ಲೂ ಇದರ ಸುಳಿವಿದೆ. ‘ರವಿಗೂ ನನಗೂ ಹೇಳಿದರು’ ಅಂದಾಗ ಇಬ್ಬರಿಗೂ ‘ಗೆ’ ಬರುತ್ತದೆ. ‘ರವಿ ಮತ್ತು ನನಗೆ ಹೇಳಿದರು’ ಅಂದಾಗ ಕೊನೆಯವರಿಗೆ ಮಾತ್ರ. ರವಿ ಬರಿಗೈಯಲ್ಲಿ ನಿಂತಿದ್ದಾನೆ. ಆದರೂ ಅದನ್ನು ನಾವು ಯಾರೂ ತಪ್ಪು ಅನ್ನುವುದಿಲ್ಲ.

ಕರಡು ತಿದ್ದುವವರು, ಮೈಸೂರು: ಕನ್ನಡದ ಮಾತು ಚೆನ್ನಾಗಿದೆ. ಆದರೆ ಅಲ್ಲಿ ಕೊನೆಯ ಪದವೇ ವಿಭಕ್ತಿ ಹೊರುತ್ತದೆ. ಇಂಗ್ಲಿಷಿನಲ್ಲಿ ತೊಂದರೆ ಆಗಿರುವುದೇ ಕೊನೆಯ ಪದದಲ್ಲಿ. ಪಿಂಕರ್ ವಾದ ಅಚ್ಚಿನ ಮನೆಯಲ್ಲಿ ನಡೆಯುವುದಿಲ್ಲ, ನಾನಂತೂ ‘ಮಿ’ ಅಂತಲೇ ತಿದ್ದುತ್ತೇನೆ.

ಭಾಷಾವಿಜ್ಞಾನ ಓದುತ್ತಿರುವವರು, ಹೈದರಾಬಾದ್: ಬರವಣಿಗೆಗೆ ನಾನೂ ಅದನ್ನೇ ಹೇಳುತ್ತೇನೆ ಸರ್. ಮಾತಿನಲ್ಲಿ ಚೆನ್ನಾಗಿ ಓದಿಕೊಂಡವರೂ ‘ಯು ಅಂಡ್ ಐ’ ಅನ್ನುತ್ತಾರೆ. ಅವರನ್ನು ಇಂಗ್ಲಿಷ್ ಬರದವರು ಅನ್ನಬೇಡಿ ಅಂತಷ್ಟೇ ನನ್ನ ಮಾತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತೇ ಇನ್ನೊಂದು ಮೇಲ್ ಬಂತು. ಅದರಲ್ಲಿ ‘ದ ಕ್ಲೈಂಟ್ ವಾಂಟ್ಸ್ ಗೀತಾ ಅಂಡ್ ಐ ಟು ಜಾಯಿನ್ ದ ಕಾಲ್’ ಅಂತ ಇದೆ. ಕಾಲ್‌ಗೆ ಸೇರುವವರು ನಾವೇ ಅಲ್ವಾ? ಕೆಲಸ ಮಾಡುವವರಿಗೆ ‘ಐ’ ಬರಬೇಕಲ್ಲ? ಮತ್ತೆ, ಲೀಡ್‌ಗೆ ಇದನ್ನೆಲ್ಲ ಹೇಳೋದು ಹೇಗೆ?

ಹೈಸ್ಕೂಲ್ ಇಂಗ್ಲಿಷ್ ಟೀಚರ್, ಶಿವಮೊಗ್ಗ: ಎಂಥವರನ್ನೂ ಯಾಮಾರಿಸುವ ವಾಕ್ಯ ಇದು. ಗೀತಾಳನ್ನು ತೆಗೆದು ಓದಿ. ‘ವಾಂಟ್ಸ್ ಐ ಟು ಜಾಯಿನ್’ ಬರುತ್ತದಾ? ಇಲ್ಲ, ‘ವಾಂಟ್ಸ್ ಮಿ ಟು ಜಾಯಿನ್’. ಸೇರುವವರು ನೀವೇ ಆದರೂ ನಿಮ್ಮ ಪದ ನಿಂತಿರುವುದು ‘ವಾಂಟ್ಸ್’ ಕೈಕೆಳಗೆ. ‘ಅಸ್’ ಹಾಕಿದರೂ ಅದೇ ಉತ್ತರ: ‘ವಾಂಟ್ಸ್ ಅಸ್ ಟು ಜಾಯಿನ್’. ಹಾಗಾಗಿ ‘ಗೀತಾ ಅಂಡ್ ಮಿ’. ಅದೇ ‘ದ ಕ್ಲೈಂಟ್ ಸೇಸ್ ಗೀತಾ ಅಂಡ್ ಐ ಶುಡ್ ಜಾಯಿನ್’ ಅಂತ ಇದ್ದಿದ್ದರೆ ‘ಐ’ ಸರಿ. ಅಲ್ಲಿ ‘ವಿ ಶುಡ್ ಜಾಯಿನ್’ ಅನ್ನುತ್ತೇವೆ.

ಕಸ್ಟಮರ್ ಸಪೋರ್ಟ್, ಹುಬ್ಬಳ್ಳಿ: ಲೀಡ್‌ಗೆ ಏನೂ ಹೇಳಬೇಡ್ರಿ. ಮುಂದಿನ ಸಲ ‘ಬಿಟ್ವೀನ್ ಅಸ್’ ಅಂತ ಬರೆದುಬಿಡ್ರಿ, ತಿದ್ದೋಕೆ ಏನೂ ಉಳಿಯಂಗಿಲ್ಲ.

ಕರಡು ತಿದ್ದುವವರು, ಮೈಸೂರು: ಹೇಳಿದರೂ ತಪ್ಪಿಲ್ಲ. ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ ‘ಬಿಟ್ವೀನ್ ಅಸ್ ಅನ್ನುತ್ತೇವೋ, ಬಿಟ್ವೀನ್ ವಿ ಅನ್ನುತ್ತೇವೋ’ ಅಂತ ಕೇಳಿ ನೋಡಿ.

ಕಾಲೇಜು ವಿದ್ಯಾರ್ಥಿ, ಹಾಸನ: ಇನ್ನೊಂದು ಕೇಳಬಹುದಾ? ‘ಎವ್ರಿವನ್ ಬಟ್ ಯು ಅಂಡ್...’ ಅಂದಾಗ ಏನು ಹಾಕೋದು?

ಕರಡು ತಿದ್ದುವವರು, ಮೈಸೂರು: ವಾಕ್ಯದ ಕೊನೆಗೆ ಬಂದರೆ ‘ಮಿ’, ಯೋಚಿಸಬೇಕಾಗಿಲ್ಲ. ‘ದೇ ಕಾಲ್ಡ್ ಎವ್ರಿವನ್ ಬಟ್ ಯು ಅಂಡ್ ಮಿ.’ ಆದರೆ ‘ಎವ್ರಿವನ್ ಬಟ್ ಯು ಅಂಡ್ ಮಿ ಕೇಮ್’ ಅಂತ ಕ್ರಿಯಾಪದಕ್ಕೆ ಮುಂಚೆ ಬಂದಾಗ ‘ಐ’ ಬೇಕು ಅನ್ನುವವರೂ ಇದ್ದಾರೆ. ‘ಬಟ್’ ಅನ್ನುವುದು ‘ಟು’, ‘ಫಾರ್’ ಜಾತಿಯ ಪದವೋ, ‘ಅಂಡ್’ ಜಾತಿಯ ಪದವೋ ಅನ್ನುವುದರಲ್ಲೇ ಜಗಳ. ನಾನು ಅಲ್ಲೂ ‘ಮಿ’ ಇಡುತ್ತೇನೆ, ಲೇಖಕರು ‘ಐ’ ಬರೆದಿದ್ದರೆ ಮುಟ್ಟುವುದಿಲ್ಲ.