1/x ಪ್ರೂಫಿನಲ್ಲಿ ಡೆಲ್ಟಾಗೆ ಆ 1 ಎಲ್ಲಿಂದ ಬಂತು?

ಬಿಎಸ್ಸಿ ಹುಡುಗಿ: x→2 ಆದಾಗ 1/x ನ ಲಿಮಿಟ್ 1/2 ಅಂತ ಎಪ್ಸಿಲಾನ್-ಡೆಲ್ಟಾದಲ್ಲಿ ತೋರಿಸಬೇಕು. ನಾನು δ = 2|x|ε ಅಂತ ಬರೆದೆ, ತಪ್ಪು ಅಂದರು. ಉತ್ತರದಲ್ಲಿ δ = min(1, 2ε) ಇದೆ. ಆ 1 ಎಲ್ಲಿಂದ ಬಂತು? ನೀವೆಲ್ಲ ಇದನ್ನು ಹೇಗೆ ಕಲಿತಿರಿ?

ಹಳೇ ಪಿಯುಸಿ: ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? x ಇರುವ ಕಡೆ 2 ಹಾಕಿ, 1/2 ಬರುತ್ತದೆ. ನಮಗೆ ಅಷ್ಟಕ್ಕೇ ಮಾರ್ಕ್ಸ್ ಕೊಡುತ್ತಿದ್ದರು.

ಹಾಸನದ ಮೇಷ್ಟ್ರು: ಬೆಲೆ ಎಷ್ಟು ಅಂತ ಅವರು ಕೇಳಿಲ್ಲ ಸ್ವಾಮಿ.

ನೋಡಮ್ಮ, ಮೊದಲು ε ಕೈಗೆ ಬರುತ್ತದೆ. ಅದನ್ನು ನೋಡಿ ನೀನು δ ಆರಿಸಬೇಕು. x ಬರುವುದು ಅದಾದ ಮೇಲೆ. ಇನ್ನೂ ಬರದ x ಅನ್ನು δ ಒಳಗೆ ಹೇಗೆ ಬರೆಯುತ್ತೀಯ? ನಿನ್ನ ತಪ್ಪು ಅಷ್ಟೇ, ಲೆಕ್ಕ ಸರಿಯಾಗಿದೆ.

|1/x − 1/2| = |x−2| / (2|x|)

ಮೇಲಿರುವ |x−2| ನಮ್ಮ ಹಿಡಿತದಲ್ಲಿದೆ. ತೊಂದರೆ ಕೊಡುವುದು ಕೆಳಗಿನ |x|. ಅದು ಸೊನ್ನೆ ಹತ್ತಿರ ಹೋದರೆ ಇಡೀ ಭಿನ್ನರಾಶಿ ಎಲ್ಲಿಗೋ ಏರುತ್ತದೆ. ಅದಕ್ಕೇ ಮೊದಲು δ ≤ 1 ಅಂತ ಬೇಲಿ ಹಾಕುತ್ತೇವೆ. ಆಗ x ಇರುವುದು 1 ಮತ್ತು 3ರ ನಡುವೆ. ಅಂದರೆ |x| > 1, ಭಿನ್ನರಾಶಿ |x−2|/2 ಕ್ಕಿಂತ ಕಡಿಮೆ. ಇದು ε ಗಿಂತ ಕಡಿಮೆ ಆಗಬೇಕಾದರೆ |x−2| < 2ε ಸಾಕು. ಎರಡೂ ಷರತ್ತು ಒಟ್ಟಿಗೆ ಬೇಕು, ಹಾಗಾಗಿ ಚಿಕ್ಕದನ್ನು ತಗೊಳ್ಳುವುದು.

ಕೋಡ್ ಬರೆಯುವವನು: ಇದು ಅಂದಾಜಾಯ್ತು ಅಲ್ವಾ ಸರ್? ನಾನು ನೇರವಾಗಿ ಬಿಡಿಸಿದೆ, δ = 4ε/(1+2ε) ಬಂತು. ಇದೇ ನಿಜವಾದ δ. ε = 0.1 ಆದರೆ ಸುಮಾರು 0.33 ಸಿಗುತ್ತದೆ. ನಿಮ್ಮದರಲ್ಲಿ ಬರೀ 0.2.

ಹಾಸನದ ಮೇಷ್ಟ್ರು: ನಿಮ್ಮ ಲೆಕ್ಕ ಸರಿ, ಅದು ಇಲ್ಲಿ ಕೆಲಸ ಮಾಡುವ ಅತಿ ದೊಡ್ಡ δ. ಆದರೆ "ನಿಜವಾದ" ಅಂತ ಒಂದೇ δ ಇಲ್ಲ. 0.33 ನಡೆದರೆ 0.2 ಕೂಡ ನಡೆಯುತ್ತದೆ, 0.001 ಕೂಡ. ಇನ್ನು x⁵ + 3x ಕೊಟ್ಟರೆ ನೇರವಾಗಿ ಬಿಡಿಸುತ್ತಾ ಕೂರುತ್ತೀರಾ?

ಎಂಎಸ್ಸಿ, ಮೈಸೂರು: ನಾನು ಎಲ್ಲದಕ್ಕೂ ಸುಮ್ನೆ δ ≤ 1 ಬರೆಯುತ್ತಿದ್ದೆ. ಇದೇ 1/x ಗೆ x→1/2 ಕೊಟ್ಟಾಗ ಅದು ನಡೆಯಲಿಲ್ಲ. ಬೇಲಿ −1/2 ರಿಂದ 3/2 ವರೆಗೆ ಹೋಗುತ್ತದೆ, ಒಳಗೇ ಸೊನ್ನೆ ಇದೆ! δ ≤ 1/2 ಕೂಡ ಸಾಲದು. x ಸೊನ್ನೆ ಮುಟ್ಟದಿದ್ದರೂ ಎಷ್ಟು ಬೇಕಾದರೂ ಹತ್ತಿರ ಹೋಗಬಹುದು. δ ≤ 1/4 ಇಟ್ಟರೆ x > 1/4, ಆಗ |1/x − 2| = 2|x−1/2|/|x| ಅನ್ನುವುದು 8|x−1/2| ಗಿಂತ ಕಡಿಮೆ. δ = min(1/4, ε/8).

ಬಿಎಸ್ಸಿ ಹುಡುಗಿ: ಅಂದರೆ x→2 ಕ್ಕೂ 1 ರ ಬದಲು 1/2 ಇಟ್ಟರೆ ನಡೆಯುತ್ತದಾ?

ಎಂಎಸ್ಸಿ, ಮೈಸೂರು: ಧಾರಾಳವಾಗಿ. ಆಗ x > 3/2, ಎರಡನೆಯದು 3ε ಆಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಈ ಹುಡುಕಾಟವನ್ನು ರಫ್ ಪುಟದಲ್ಲಿ ಮಾಡಿ, ಉತ್ತರವನ್ನು "ε > 0 ಇರಲಿ, δ ಇಷ್ಟು" ಅಂತಲೇ ಶುರು ಮಾಡಿ.

ಹಾಸನದ ಮೇಷ್ಟ್ರು: ಇದಕ್ಕೆ ನನ್ನ ಒಪ್ಪಿಗೆ ಇಲ್ಲ. δ ಆಕಾಶದಿಂದ ಉದುರಿದ ಹಾಗೆ ಕಾಣುತ್ತದೆ. ಹುಡುಕಿದ್ದನ್ನೂ ಬರೆದರೆ ನಾನಂತೂ ಮಾರ್ಕ್ಸ್ ಕತ್ತರಿಸುವುದಿಲ್ಲ.

ಎಂಎಸ್ಸಿ, ಮೈಸೂರು: ಪೇಪರ್ ತಿದ್ದುವವರು ನೀವೇ ಆಗಿದ್ದರೆ ಸರಿ ಸರ್.