ಸಹಾಯ ಬೇಕು: ಇಪ್ಪತ್ತೆಂಟು ಪಂದ್ಯಾವಳಿಯಲ್ಲಿ ಸಮಬಲವಾದರೆ ಏನು ಮಾಡುವುದು?

ನಮ್ಮ ಬೀದಿಯಲ್ಲಿ ಭಾನುವಾರ ಇಸ್ಪೀಟಿನ ಇಪ್ಪತ್ತೆಂಟು ಆಟದ ನಾಕೌಟ್ ಪಂದ್ಯಾವಳಿ ಇಟ್ಟುಕೊಂಡಿದ್ದೇವೆ. ಹಣದ ಆಟವಲ್ಲ, ಗೆದ್ದವರಿಗೆ ಎರಡು ಸ್ಟೀಲ್ ಡಬ್ಬಿ. ಬಂದಿರುವುದು 11 ಜೋಡಿ, ಮೇಜು ನಾಲ್ಕು.

ಕಳೆದ ವರ್ಷವೂ 11 ಜೋಡಿಯೇ ಇತ್ತು. ಪ್ರತಿ ಸುತ್ತಿನಲ್ಲಿ ಉಳಿದ ಜೋಡಿಗೆ ಬೈ ಕೊಟ್ಟೆವು. 11 ಆರಾಯಿತು, ಆರು ಮೂರಾಯಿತು. ಮೊದಲ ಸುತ್ತಿನಲ್ಲೂ ಮೂರನೆಯದರಲ್ಲೂ ಒಂದೇ ಜೋಡಿಗೆ ಬೈ ಸಿಕ್ಕಿ, ಅವರು ಒಂದೇ ಪಂದ್ಯ ಗೆದ್ದು ಫೈನಲ್ ತಲುಪಿದರು. ಆ ಜಗಳ ಇನ್ನೂ ಮುಗಿದಿಲ್ಲ!

ಈ ಸಲ ಎಲ್ಲ ಬೈಗಳನ್ನೂ ಮೊದಲ ಸುತ್ತಿನಲ್ಲೇ ಮುಗಿಸುತ್ತೇವೆ. ಚೀಟಿ ಎತ್ತಿ ಐದು ಜೋಡಿಗೆ ಬೈ. ಉಳಿದ ಆರು ಜೋಡಿ ಮೂರು ಪಂದ್ಯ ಆಡಿದರೆ ಎಂಟು ಜೋಡಿ ಉಳಿಯುತ್ತವೆ. ಗೆದ್ದ ಮೂರು ಜೋಡಿಗೂ ಬೈ ಪಡೆದವರೇ ಎದುರಾಳಿಗಳು. ಮಿಕ್ಕ ಎರಡು ಬೈ ಜೋಡಿಗಳು ಪರಸ್ಪರ ಆಡುತ್ತವೆ.

ಜೊತೆಗಾರರು ಎದುರುಬದುರು ಕೂರುತ್ತಾರೆ. ಪ್ರತಿಯೊಬ್ಬರೂ ಮೂರು ಸಲ ಎಲೆ ಹಂಚುವಂತೆ ಒಂದು ಪಂದ್ಯಕ್ಕೆ 12 ಆಟ.

ಆರು-ಆರು ಆದರೆ? ಹಿಡಿದ ಒಟ್ಟು ಅಂಕ ನೋಡೋಣ ಎನ್ನುತ್ತಾರೆ ಕೆಲವರು. ನನಗೆ ಒಪ್ಪಿಗೆಯಿಲ್ಲ: 16 ಕೂಗಿ 22 ಹಿಡಿದವರು, 21 ಕೂಗಿ 21 ಹಿಡಿದವರಿಗಿಂತ ಮೇಲೇನಲ್ಲ. ಎಲ್ಲರೂ ಒಮ್ಮೆ ಹಂಚುವಂತೆ ಇನ್ನೂ ನಾಲ್ಕು ಆಟ ಆಡಿಸಬಹುದು, ಆದರೆ ಎರಡು-ಎರಡು ಆದರೆ ಮತ್ತೆ ಅದೇ ಕಥೆ. ಆಡಿಸಿದ ಅನುಭವವಿರುವವರು ನೀವು ಹೇಗೆ ತೀರ್ಮಾನಿಸಿದಿರಿ ತಿಳಿಸಿ. ಶನಿವಾರ ಸಂಜೆಯೊಳಗೆ ನಿಯಮ ಬರೆದು ಅಂಟಿಸಬೇಕು.